ಟ್ಯಾಂಕಿನ ಮೇಲಿನ ಹೆಸರು ಯಾರದು?

ಮೈಸೂರಿನ ಯಾದವಗಿರಿಯಲ್ಲಿ ಒಂದು ಕಾಲಕ್ಕೆ ಮೋಟಾರ್ ಸೈಕಲ್ ಕಾರ್ಖಾನೆ ಇತ್ತು ಎಂದರೆ ಇಂದಿನ ಕಾಲೇಜು ಹುಡುಗರು ಕೂಡಲೇ ‘ಜಾವಾ ಫ್ಯಾಕ್ಟರಿ’ ಅನ್ನುತ್ತಾರೆ. ಐವತ್ತು ದಾಟಿದವರಲ್ಲಿ ಅನೇಕರು ‘ಯೆಜ್ಡಿ ಫ್ಯಾಕ್ಟರಿ’ ಅನ್ನುತ್ತಾರೆ. ಎರಡೂ ಸರಿ. ಆದರೆ ಈ ಎರಡು ಹೆಸರುಗಳ ಹಿಂದಿನ ಹಕ್ಕು ಒಂದೇ ಅಲ್ಲ. ಒಂದು ಪರದೇಶದ ಕಂಪನಿಯಿಂದ ಇಷ್ಟು ವರ್ಷಕ್ಕೆ ಎಂದು ಪಡೆದು ಬಳಸಿದ ಹೆಸರು. ಇನ್ನೊಂದು ಇಲ್ಲಿನವರೇ ಇಟ್ಟು, ಇಲ್ಲಿನ ಕೆಲಸಗಾರರೇ ಊರೂರಿಗೆ ಮುಟ್ಟಿಸಿದ ಹೆಸರು. ಕಾರ್ಖಾನೆ ಮುಚ್ಚಿ ಮೂರು ದಶಕಗಳಾಗುತ್ತಿರುವಾಗಲೂ ಆ ಎರಡನೆಯ ಹೆಸರಿಗಾಗಿ ಕರ್ನಾಟಕ ಹೈಕೋರ್ಟಿನಲ್ಲಿ ವಾದ ನಡೆಯಿತು.

ಪ್ರಸಿದ್ಧ ಹೆಸರೊಂದನ್ನು ಅದಕ್ಕೆ ರಕ್ತಸಂಬಂಧವಿಲ್ಲದ ಸ್ಥಳೀಯ ಕಂಪನಿ ಬಳಸುವಾಗ ಏನೇನು ಆಗುತ್ತದೆ ಎಂಬುದನ್ನು ಇಷ್ಟು ಪೂರ್ತಿಯಾಗಿ ತೋರಿಸುವ ಉದಾಹರಣೆ ನಮ್ಮ ರಾಜ್ಯದಲ್ಲಿ ಬೇರೆ ನನಗೆ ಕಾಣುವುದಿಲ್ಲ. ಹಾಗಾಗಿ ಇದನ್ನು ಬುಡದಿಂದಲೇ ಹೇಳಬೇಕು.

ಜಾವಾ ಎಂಬ ಹೆಸರೇ ಒಂದು ಲೈಸೆನ್ಸಿನಿಂದ ಹುಟ್ಟಿದ್ದು. ಪ್ರಾಗ್ ನಗರದಲ್ಲಿ ಶಸ್ತ್ರಾಸ್ತ್ರ ತಯಾರಿಸುತ್ತಿದ್ದ ಎಂಜಿನಿಯರ್ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಮೋಟಾರ್ ಸೈಕಲ್ ಕೆಲಸಕ್ಕೆ ಇಳಿದರು. ಆಗ ಜರ್ಮನಿಯ ವಾಂಡರರ್ ಕಂಪನಿ ತನ್ನ 500 ಸಿ.ಸಿ. ಗಾಡಿಯ ತಯಾರಿಕೆಯನ್ನು ಕೈಬಿಡುವ ಯೋಚನೆಯಲ್ಲಿತ್ತು. ಯಾನೆಚೆಕ್ ಅದರ ವಿನ್ಯಾಸದ ಹಕ್ಕು ಪಡೆದು, ತಮ್ಮ ಹೆಸರಿನ ಮೊದಲೆರಡು ಅಕ್ಷರಕ್ಕೆ ವಾಂಡರರ್‌ನ ಮೊದಲೆರಡು ಅಕ್ಷರ ಸೇರಿಸಿ ಹೊಸ ಹೆಸರು ಕಟ್ಟಿದರು. ಆ ಗಾಡಿ ಭಾರವಾಗಿತ್ತು, ದುಬಾರಿಯಾಗಿತ್ತು. ಜನ ಕೊಂಡದ್ದು 1932ರಲ್ಲಿ ಬಂದ, ಬ್ರಿಟನ್ನಿನ ವಿಲಿಯರ್ಸ್ ಎಂಜಿನ್ ಕೂರಿಸಿದ 175 ಸಿ.ಸಿ. ಗಾಡಿಯನ್ನು. ಅಂದರೆ ಜಾವಾ ತನ್ನ ಕಾಲ ಮೇಲೆ ನಿಂತದ್ದು ಇತರರ ಎಂಜಿನಿಯರಿಂಗ್ ಬಲದಿಂದ. ಎರಡನೇ ಮಹಾಯುದ್ಧದ ನಂತರ ಕಂಪನಿ ಜೆಕೊಸ್ಲೊವಾಕಿಯಾ ಸರಕಾರದ ಪಾಲಾಯಿತು. ಸಂಸ್ಥಾಪಕರ ಮನೆತನಕ್ಕೂ ಹೆಸರಿಗೂ ಅಲ್ಲಿಗೇ ಸಂಬಂಧ ಕಡಿಯಿತು.

ಭಾರತಕ್ಕೆ ಜಾವಾ ಮೊದಲು ಬಂದದ್ದು ಆಮದು ಗಾಡಿಯಾಗಿ. ಮುಂಬಯಿಯ ಇರಾನಿ ಮನೆತನದ ಐಡಿಯಲ್ ಮೋಟರ್ಸ್ ಅದನ್ನು ತರಿಸಿ ಮಾರುತ್ತಿತ್ತು. ಐವತ್ತರ ದಶಕದಲ್ಲಿ ದೇಶದ ವಿದೇಶಿ ವಿನಿಮಯ ಕರಗುತ್ತಿದ್ದಂತೆ ಸರಕಾರ ದ್ವಿಚಕ್ರ ವಾಹನಗಳ ಆಮದಿಗೆ ತಡೆ ಹಾಕಿತು. ತರಿಸಿ ಮಾರುವವನಿಗೆ ಆಗ ಉಳಿದದ್ದು ಎರಡೇ ದಾರಿ. ಅಂಗಡಿ ಮುಚ್ಚಬೇಕು, ಇಲ್ಲವೇ ಇಲ್ಲೇ ತಯಾರಿಸಬೇಕು. ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿ ಎರಡನೆಯದನ್ನು ಆರಿಸಿದರು. 1960ರಲ್ಲಿ ಐಡಿಯಲ್ ಜಾವಾ (ಇಂಡಿಯಾ) ಕಂಪನಿ ಮೈಸೂರಿನಲ್ಲಿ ನೆಲೆಯಾಯಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ 1961ರಲ್ಲಿ ಕಾರ್ಖಾನೆಯನ್ನು ಉದ್ಘಾಟಿಸಿದರು.

ಇಂಥ ಲೈಸೆನ್ಸ್ ಒಪ್ಪಂದವನ್ನು ಬಿಡಿಸಿ ನೋಡಿದರೆ ಅದರಲ್ಲಿ ಬೇರೆ ಬೇರೆ ಜಾತಿಯ ಎರಡು ವಸ್ತುಗಳಿರುತ್ತವೆ. ಒಂದು, ಮಾಡುವ ವಿದ್ಯೆ. ನಕ್ಷೆಗಳು, ಯಾವ ಭಾಗಕ್ಕೆ ಯಾವ ಲೋಹ, ಎಷ್ಟು ಸೂಕ್ಷ್ಮ ಅಳತೆ, ಜಿಗ್ಗು–ಫಿಕ್ಸ್ಚರುಗಳು, ತರಬೇತಿ. ಇನ್ನೊಂದು, ಹೆಸರು ಮತ್ತು ಲಾಂಛನ ಬಳಸುವ ಅನುಮತಿ. ಮೊದಲನೆಯದು ಒಮ್ಮೆ ಕೈಗೆ ಹತ್ತಿದರೆ ಮರಳಿ ಹೋಗುವುದಿಲ್ಲ. ಕೊಟ್ಟವರು ನಕ್ಷೆ ವಾಪಸು ಕೇಳಬಹುದು, ಫೌಂಡ್ರಿ ಕೆಲಸಗಾರನ ಕೈಯ ಅಂದಾಜನ್ನು ವಾಪಸು ಕೇಳಲಾಗದು. ಎರಡನೆಯದು ಮಾತ್ರ ಅವಧಿ ಮುಗಿದ ದಿನವೇ ಕೊಟ್ಟವರ ಕೈಗೆ ಮರಳುತ್ತದೆ. ಕೊಳ್ಳುವ ಗಿರಾಕಿಗೆ ಈ ಎರಡೂ ಒಂದೇ ಆಗಿ ಕಾಣುತ್ತವೆ, ಏಕೆಂದರೆ ಎರಡೂ ಒಂದೇ ಟ್ಯಾಂಕಿನ ಮೇಲೆ, ಒಂದೇ ಚಾಸಿಯ ಒಳಗೆ ಇರುತ್ತವೆ.

ಮೈಸೂರಿನಲ್ಲೂ ಮೊದಲು ಜೆಕೊಸ್ಲೊವಾಕಿಯಾದಿಂದ ಬಂದ ಭಾಗಗಳನ್ನು ಜೋಡಿಸಿ ಗಾಡಿ ಮಾಡುತ್ತಿದ್ದರು. ವರ್ಷ ಕಳೆದಂತೆ ಒಂದೊಂದೇ ಭಾಗ ಇಲ್ಲೇ ತಯಾರಾಗತೊಡಗಿತು. ಅಂದಿನ ಕೈಗಾರಿಕಾ ನೀತಿಯೂ ಅದನ್ನೇ ಬಯಸುತ್ತಿತ್ತು. ದೇಶೀಯ ಭಾಗಗಳ ಪಾಲು ಹೆಚ್ಚುತ್ತ ಹೋಗಬೇಕು, ಹೊರಗೆ ಹೋಗುವ ಹಣ ಇಳಿಯುತ್ತ ಬರಬೇಕು ಎಂಬ ಷರತ್ತಿನ ಮೇಲೆಯೇ ಪರದೇಶಿ ಸಹಯೋಗಕ್ಕೆ ಒಪ್ಪಿಗೆ ಸಿಗುತ್ತಿತ್ತು.

ಮೈಸೂರಿನ 250 ಸಿ.ಸಿ. ಜಾವಾವನ್ನು ಹತ್ತಿರದಿಂದ ನೋಡಿದವರಿಗೆ ಅದರ ಎಡಗಡೆಯ ಒಂದೇ ಲಿವರ್ ಮರೆಯಲಾರದ ಸಂಗತಿ. ನಿಲ್ಲಿಸಿದ ಗಾಡಿಯಲ್ಲಿ ಗೇರ್ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತಿತ್ತು. ಕಾರ್ಬುರೇಟರಿನ ಮೇಲಿನ ಗುಂಡಿಯನ್ನು ಪೆಟ್ರೋಲ್ ಒಸರುವವರೆಗೆ ಒತ್ತಿ, ಲಿವರನ್ನು ಒದ್ದರೆ ಎಂಜಿನ್ ಎದ್ದೇಳುತ್ತಿತ್ತು. ಬಳಿಕ ಲಿವರ್ ಕೆಳಗಿಳಿದು ಮತ್ತೆ ಗೇರಿನ ಕೆಲಸಕ್ಕೆ ನಿಲ್ಲುತ್ತಿತ್ತು. ಗೇರ್ ಒತ್ತಿದಾಗಲೇ ಕ್ಲಚ್ ಬಿಡುವ ಏರ್ಪಾಡೂ ಅದರೊಳಗೇ ಇದ್ದುದರಿಂದ, ಓಡುವಾಗ ಕೈಯ ಕ್ಲಚ್ ಹಿಡಿಯದೆಯೂ ಗೇರ್ ಬದಲಿಸಬಹುದಿತ್ತು. ಒಂದೇ ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್ನಿಗೆ ಎರಡು ಸೈಲೆನ್ಸರ್. ಪೆಟ್ರೋಲಿನೊಳಗೆ ಅಳತೆ ಮಾಡಿ ಸುರಿದ ಎಣ್ಣೆ. ಬೀದಿಯ ಕೊನೆಯಲ್ಲಿ ಗಾಡಿ ತಿರುಗುವ ಮೊದಲೇ ಬರುತ್ತಿರುವವರು ಯಾರೆಂದು ಮನೆಯವರಿಗೆ ತಿಳಿಯುವಂಥ ಸದ್ದು.

1973ರಿಂದ ಇದೇ ಕಾರ್ಖಾನೆಯ ಗಾಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ಬರತೊಡಗಿದವು. ಲಿವರ್ ಅದೇ, ಎರಡು ಸೈಲೆನ್ಸರ್ ಅದೇ, ಸದ್ದೂ ಅದೇ. ಬದಲಾದದ್ದು ಟ್ಯಾಂಕಿನ ಮೇಲಿನ ಅಕ್ಷರ. ಜಾವಾ ಹೆಸರಿನ ಲೈಸೆನ್ಸಿನ ಕಾಲ ಮುಗಿದಿತ್ತು. ಎಪ್ಪತ್ತರ ದಶಕದ ಭಾರತದಲ್ಲಿ ಪರದೇಶದ ಹೆಸರಿಗೆ ರಾಯಲ್ಟಿ ಕಟ್ಟುತ್ತ ಒಳನಾಡಿನಲ್ಲಿ ಸರಕು ಮಾರುವುದನ್ನು ಸರಕಾರ ಪ್ರೋತ್ಸಾಹಿಸುತ್ತಲೂ ಇರಲಿಲ್ಲ.

ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡ ಘಟನೆ ಇದೇ. ಹೆಸರು ಹೋದ ಮೇಲೆ ಗಿರಾಕಿಯೂ ಹೋಗಬೇಕಿತ್ತು ಎಂಬುದು ಲೆಕ್ಕಾಚಾರ. ಹಾಗಾಗಲಿಲ್ಲ. ಹನ್ನೆರಡು ವರ್ಷ ರಸ್ತೆಯಲ್ಲಿ ಓಡಿದ ಗಾಡಿಯ ನಂಬಿಕೆ ಹೊಸ ಹೆಸರಿಗೆ ಹರಿದುಬಂತು. ಅದಕ್ಕೆ ಒಂದು ಕಾರಣ ಮಾರುವ ಅಂಗಡಿಗಳು, ಮೆಕ್ಯಾನಿಕ್‌ಗಳು, ಬಿಡಿಭಾಗಗಳು ಎಲ್ಲವೂ ಹಾಗೆಯೇ ಉಳಿದದ್ದು. ಇನ್ನೊಂದು ಕಾರಣ ಕಂಪನಿಯ ಹೆಸರು. ಟ್ಯಾಂಕಿನ ಮೇಲೆ ಯೆಜ್ಡಿ ಎಂದಿದ್ದರೂ ತಯಾರಕರು ಕೊನೆಯವರೆಗೂ ಐಡಿಯಲ್ ಜಾವಾ ಎಂದೇ ಕರೆಸಿಕೊಂಡರು. ಇಂದು ಇಂಥ ಒಪ್ಪಂದ ಬರೆಯುವ ವಕೀಲರು ಅವಧಿ ಮುಗಿದ ಮೇಲೆ ಸರಕಿನ ಮೇಲಿಂದ ಮಾತ್ರವಲ್ಲ, ಕಂಪನಿಯ ಹೆಸರಿನಿಂದಲೂ ಪ್ರಸಿದ್ಧ ಪದವನ್ನು ತೆಗೆಯಬೇಕೆಂಬ ಷರತ್ತನ್ನು ಸಾಮಾನ್ಯವಾಗಿ ಸೇರಿಸುತ್ತಾರೆ. 1984ರಲ್ಲಿ ಶುರುವಾದ ಹೀರೊ ಹೋಂಡಾ ಪಾಲುದಾರಿಕೆ ಬೇರೆಯಾಗುವ ನಿರ್ಧಾರ 2010ರಲ್ಲಿ ಆದ ಮೇಲೆ, ಮರುವರ್ಷವೇ ಕಂಪನಿ ಹೀರೊ ಮೋಟೊಕಾರ್ಪ್ ಆಯಿತು. ಗಾಡಿಗಳ ಮೇಲಿನ ಹಳೆಯ ಹೆಸರನ್ನು ತೆಗೆಯಲು ಅದಕ್ಕಿಂತ ಹೆಚ್ಚು ಕಾಲಾವಕಾಶ ಇಟ್ಟುಕೊಂಡಿದ್ದರು. ಮೈಸೂರು–ನಂಜನಗೂಡು ರಸ್ತೆಯ ಕಡಕೊಳದ ಬಳಿ ಕಾರ್ಖಾನೆ ಇರುವ ಟಿ.ವಿ.ಎಸ್. ಕೂಡ 2001ರಲ್ಲಿ ಸುಜುಕಿಯಿಂದ ಬೇರೆಯಾಗಿ ತನ್ನ ಹೆಸರೊಂದನ್ನೇ ಉಳಿಸಿಕೊಂಡಿತು. ಆದರೆ ಈ ದಾರಿಯನ್ನು ಅವರಿಬ್ಬರಿಗಿಂತ ದಶಕಗಳ ಮೊದಲೇ ಯಾದವಗಿರಿಯವರು ನಡೆದು ತೋರಿಸಿದ್ದರು.

1978ರಲ್ಲಿ ಬಂದ ರೋಡ್‌ಕಿಂಗ್ ಯೆಜ್ಡಿಗೆ ಸ್ವಂತ ವ್ಯಕ್ತಿತ್ವ ಕೊಟ್ಟಿತು. ಅದರ ಬೇರೂ ಜೆಕೊಸ್ಲೊವಾಕಿಯಾದ ವಿನ್ಯಾಸದಲ್ಲೇ ಇದ್ದರೂ ಜನ ಅದನ್ನು ಜಾವಾದ ನೆರಳು ಎಂದು ನೋಡಲಿಲ್ಲ. ಮುಂದಿನ ದಶಕದಲ್ಲಿ ಜಪಾನಿ ಸಹಯೋಗದ 100 ಸಿ.ಸಿ. ಗಾಡಿಗಳು ಬಂದವು. ಕಡಿಮೆ ಪೆಟ್ರೋಲ್ ಕುಡಿಯುವ ಫೋರ್ ಸ್ಟ್ರೋಕ್ ಎಂಜಿನ್ನಿನ ಎದುರು 250 ಸಿ.ಸಿ. ಟೂ ಸ್ಟ್ರೋಕ್ ಗಾಡಿಗೆ ಸಂಬಳದ ಗಿರಾಕಿಯನ್ನು ಹಿಡಿದಿಟ್ಟುಕೊಳ್ಳುವುದು ಕಷ್ಟವಾಯಿತು. ಹೊಗೆಯ ನಿಯಮಗಳು ಬಿಗಿಯಾದವು. ಕಾರ್ಖಾನೆಯೊಳಗೂ ನೆಮ್ಮದಿ ಇರಲಿಲ್ಲ. 1996ರಲ್ಲಿ ಉತ್ಪಾದನೆ ನಿಂತಿತು. 2001ರಲ್ಲಿ ಹೈಕೋರ್ಟ್ ಕಂಪನಿಯ ಸಮಾಪನಕ್ಕೆ ಆದೇಶಿಸಿತು. ಆಸ್ತಿ ಅಧಿಕೃತ ಸಮಾಪಕರ ಕೈ ಸೇರಿತು.

ಇಪ್ಪತ್ತು ವರ್ಷ ಸುಮ್ಮನಿದ್ದ ಹೆಸರು 2016ರಲ್ಲಿ ಮತ್ತೆ ಎದ್ದಿತು. ಮಹೀಂದ್ರಾ ಗುಂಪಿನ ಬಹುಪಾಲು ಬಂಡವಾಳವಿರುವ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಹಳೆಯ ಪ್ರಸಿದ್ಧ ಹೆಸರುಗಳನ್ನು ಮರಳಿ ರಸ್ತೆಗೆ ತರುವುದಾಗಿ ಪ್ರಕಟಿಸಿತು. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಆ ಒಂದೇ ಕಂಪನಿಯ ಕೈಯಲ್ಲಿ ಇಂದು ಮೂರು ಹೆಸರಿವೆ, ಮೂರಕ್ಕೂ ಮೂರು ಬಗೆಯ ಹಕ್ಕು. ಬ್ರಿಟನ್ನಿನ ಬಿ.ಎಸ್.ಎ. ಹೆಸರನ್ನು ಅದರ ಒಡೆತನದ ಕಂಪನಿಯ ಸಮೇತ ಹಣ ಕೊಟ್ಟು ಕೊಂಡದ್ದು. ಅದು ಸ್ವಂತ ಸೊತ್ತು. ಜಾವಾ ಕೊಂಡದ್ದಲ್ಲ. ಜೆಕ್ ಗಣರಾಜ್ಯದ ಟಿನೆತ್ಸ್ ಎಂಬ ಊರಿನಲ್ಲಿ ಇಂದಿಗೂ ಇರುವ ಜಾವಾ ಮೋಟೊ ಕಂಪನಿಯಿಂದ ಭಾರತ ಮತ್ತು ಏಷ್ಯಾದ ಕೆಲವು ದೇಶಗಳ ಮಟ್ಟಿಗೆ ಪಡೆದ ಲೈಸೆನ್ಸ್ ಅದು. ಯೆಜ್ಡಿ ಬಂದದ್ದು ರುಸ್ತುಂ ಇರಾನಿಯವರ ಮಗ, ಕ್ಲಾಸಿಕ್ ಲೆಜೆಂಡ್ಸ್ ಸ್ಥಾಪಕರಲ್ಲಿ ಒಬ್ಬರಾದ ಬೊಮನ್ ಇರಾನಿಯವರ ಮೂಲಕ. ಅವರು ಆ ಹೆಸರನ್ನು ತಮ್ಮ ಹೆಸರಿನಲ್ಲಿ ಹೊಸದಾಗಿ ನೋಂದಾಯಿಸಿಕೊಂಡಿದ್ದರು.

2018ರ ನವೆಂಬರಿನಲ್ಲಿ ಹೊಸ ಜಾವಾ ಬಂದಾಗ ಮೈಸೂರಿನ ಹಳೆಯ ಸವಾರರ ಕಣ್ಣು ಅರಳಿತು. ಆದರೆ ಆ ಗಾಡಿ ತಯಾರಾದದ್ದು ಮಧ್ಯಪ್ರದೇಶದ ಪೀತಂಪುರದಲ್ಲಿ. ಎಂಜಿನ್ 293 ಸಿ.ಸಿ.ಯ, ನೀರಿನಿಂದ ತಣಿಯುವ ಫೋರ್ ಸ್ಟ್ರೋಕ್. ಮಹೀಂದ್ರಾದ ಮೋಜೊ ಗಾಡಿಯ ಎಂಜಿನ್ ಅದರ ಮೂಲ. ಯಾದವಗಿರಿಯ ಜಾವಾದ ಎಂಜಿನ್ನಿನ ಒಂದು ಭಾಗವೂ ಇದಕ್ಕೆ ಹೊಂದುವುದಿಲ್ಲ, ಇದರದ್ದು ಅದಕ್ಕೆ ಹೊಂದುವುದಿಲ್ಲ. ಹಳೆಯದನ್ನು ಹೊಸದಕ್ಕೆ ಕಟ್ಟಿದ್ದು ಟ್ಯಾಂಕಿನ ಆಕಾರ, ಬಣ್ಣ, ಕ್ರೋಮಿಯಂ ಹೊಳಪು ಮತ್ತು ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಹೊಸ ಹೊಗೆ ನಿಯಮ ಬಂದಾಗ ಎರಡು ಸೈಲೆನ್ಸರ್ ಉಳಿಸಿಕೊಳ್ಳುವುದು ಕಷ್ಟವಾಗಿ, ಅದಕ್ಕೆಂದೇ ಎಂಜಿನ್ನಿನಲ್ಲಿ ಹೊಸ ಏರ್ಪಾಡು ಮಾಡಬೇಕಾಯಿತು. ಹೆಸರನ್ನು ನಂಬಿಸಲು ಕಣ್ಣಿಗೆ ಕಾಣುವ ಗುರುತು ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಇಂದು ಯಾರೂ 1961ರ ಎಂಜಿನ್ ತಯಾರಿಸಿ ಮಾರುವಂತಿಲ್ಲ. ಹೆಸರಿನ ಜೊತೆ ಹಳೆಯ ಯಂತ್ರವೂ ಬಂದಿದೆ ಎಂದು ಗಿರಾಕಿ ಭಾವಿಸಬಾರದು, ಅಷ್ಟೆ.

ಲೈಸೆನ್ಸಿಗೆ ಗಡಿ ಇರುತ್ತದೆ ಎಂಬುದೂ ಈ ಗಾಡಿಯಲ್ಲೇ ಕಾಣುತ್ತದೆ. ಭಾರತದಲ್ಲಿ ತಯಾರಾದ ಇದೇ ಜಾವಾ ಯುರೋಪಿಗೂ ಹೋಯಿತು. ಅಲ್ಲಿ ಅದನ್ನು ಜಾವಾ 300 ಸಿ.ಎಲ್. ಎಂಬ ಹೆಸರಿನಲ್ಲಿ ಮಾರಿದ್ದು ಜೆಕ್ ಕಂಪನಿಯೇ. ಗಾಡಿ ಮಾಡಿದವರು ಇಲ್ಲಿನವರಾದರೂ ಯುರೋಪಿನಲ್ಲಿ ಆ ಹೆಸರಿನ ಯಜಮಾನಿಕೆ ಅಲ್ಲಿನವರದು.

ಹಾಗಾದರೆ ಕೈಯಲ್ಲಿರುವ ಗಾಡಿ ನಿಜವಾಗಿ ಯಾರದು ಎಂದು ತಿಳಿಯುವುದು ಹೇಗೆ? ಟ್ಯಾಂಕನ್ನು ಬಿಟ್ಟು ಆರ್.ಸಿ. ನೋಡಬೇಕು. ಅದರಲ್ಲಿ ತಯಾರಕರ ಹೆಸರಿಗೆ ಬೇರೆಯೇ ಕಾಲಂ ಇದೆ. ಒಂದು ಮನೆಯಲ್ಲಿ ತಾತನ 1965ರ ಜಾವಾ, ಅಪ್ಪನ 1985ರ ರೋಡ್‌ಕಿಂಗ್, ಮೊಮ್ಮಗನ 2019ರ ಜಾವಾ ಇವೆ ಎಂದುಕೊಳ್ಳೋಣ. ಟ್ಯಾಂಕುಗಳನ್ನು ನೋಡಿದರೆ ತಾತನದೂ ಮೊಮ್ಮಗನದೂ ಒಂದೇ ಕುಲ, ಅಪ್ಪನದು ಬೇರೆ. ಆರ್.ಸಿ. ನೋಡಿದರೆ ತಾತ ಮತ್ತು ಅಪ್ಪನ ಗಾಡಿಗಳ ತಯಾರಕರು ಒಬ್ಬರೇ, ಐಡಿಯಲ್ ಜಾವಾ. ಮೊಮ್ಮಗನದು ಕ್ಲಾಸಿಕ್ ಲೆಜೆಂಡ್ಸ್. ಗ್ಯಾರಂಟಿ, ಬಿಡಿಭಾಗ, ದೋಷಕ್ಕೆ ಪರಿಹಾರ ಎಲ್ಲವೂ ನಡೆಯುವುದು ಈ ಎರಡನೆಯ ಲೆಕ್ಕದ ಪ್ರಕಾರ. ಮೊಮ್ಮಗ ತನ್ನ ಡೀಲರನ್ನು, ತನ್ನ ತಯಾರಕರನ್ನು ಕೇಳಬಹುದು. ತಾತನ ಗಾಡಿಯ ಪಿಸ್ಟನ್ನಿಗೆ ಹೊಸ ಕಂಪನಿ ಉತ್ತರ ಕೊಡಬೇಕಾಗಿಲ್ಲ. ಹಳೆಯ ಗಾಡಿಯವರಿಗೆ ದಿಕ್ಕು ಹಳೆ ದಾಸ್ತಾನು, ಸಣ್ಣ ತಯಾರಕರು, ಕೈಪಳಗಿದ ಮೆಕ್ಯಾನಿಕ್‌ಗಳು. ಹಳೆಯದನ್ನು ಕೊಳ್ಳುವವರು ಎಂಜಿನ್ ನಂಬರು, ಚಾಸಿ ನಂಬರುಗಳನ್ನು ಆರ್.ಸಿ.ಯೊಡನೆ ಅಂಕಿಗೆ ಅಂಕಿ ತಾಳೆ ನೋಡಲೇಬೇಕು. ಟ್ಯಾಂಕ್ ಬದಲಿಸುವುದು, ಯೆಜ್ಡಿಗೆ ಜಾವಾ ಲಾಂಛನ ಅಂಟಿಸುವುದು ಅರ್ಧ ದಿನದ ಕೆಲಸ.

ಬೇರೆ ಸರಕಿಗೂ ಇದೇ ರೀತಿ. ಪ್ರಸಿದ್ಧ ಹೆಸರಿನ ಮಿಕ್ಸಿಯೋ ಟಿ.ವಿ.ಯೋ ಕೊಂಡಾಗ ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರದಲ್ಲಿ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ ಇರಲೇಬೇಕೆಂದು ನಿಯಮವಿದೆ. ಲೈಸೆನ್ಸಿನ ಮೇಲೆ ಬಳಸಿದ ಟ್ರೇಡ್‌ಮಾರ್ಕ್ ಎಂಬ ಸಾಲೂ ಅನೇಕ ಕಡೆ ಸಿಗುತ್ತದೆ. ಗ್ಯಾರಂಟಿ ಕಾರ್ಡಿನಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ.

ಇನ್ನು ಯೆಜ್ಡಿಯ ವ್ಯಾಜ್ಯ. ಟ್ರೇಡ್‌ಮಾರ್ಕ್ ಕಾನೂನಿನಲ್ಲಿ ಹೆಸರು ಜಮೀನಿನಂತೆ ಸುಮ್ಮನೆ ಬಿದ್ದುಕೊಂಡಿರುವ ಆಸ್ತಿಯಲ್ಲ. 1999ರ ಕಾಯಿದೆಯ ಪ್ರಕಾರ ಹತ್ತು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿ ನೋಂದಣಿ ನವೀಕರಿಸಬೇಕು. ಐದು ವರ್ಷ ಬಳಕೆಯಲ್ಲೇ ಇಲ್ಲದ ಹೆಸರನ್ನು ತೆಗೆದುಹಾಕಿ ಎಂದು ಬಾಧಿತರು ಅರ್ಜಿ ಹಾಕಲೂ ಅವಕಾಶವಿದೆ. ಐಡಿಯಲ್ ಜಾವಾದ ಯೆಜ್ಡಿ ನೋಂದಣಿ ಸಮಾಪನದ ಕಾಲದಲ್ಲಿ ನವೀಕರಣವಾಗದೆ ಬಿದ್ದುಹೋಯಿತು. ಯಂತ್ರ, ಜಮೀನು, ಶೆಡ್ಡುಗಳಿಗೆ ಬೆಲೆ ಕಟ್ಟುವ ಕಾಲದಲ್ಲಿ ಟ್ಯಾಂಕಿನ ಮೇಲಿನ ಐದಾರು ಅಕ್ಷರವನ್ನು ಯಾರೂ ಕಾಯಲಿಲ್ಲ.

2022ರ ಜನವರಿಯಲ್ಲಿ ಹೊಸ ಯೆಜ್ಡಿ ಗಾಡಿಗಳು ಮಾರುಕಟ್ಟೆಗೆ ಬಂದವು. ಅದೇ ವರ್ಷದ ಡಿಸೆಂಬರಿನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಈ ಹೆಸರು ಸಮಾಪನದಲ್ಲಿರುವ ಐಡಿಯಲ್ ಜಾವಾಕ್ಕೇ ಸೇರಿದ್ದು ಎಂದು ತೀರ್ಪು ಕೊಟ್ಟಿತು. ಸಮಾಪನದಲ್ಲಿರುವ ಕಂಪನಿಯ ಆಸ್ತಿ ನ್ಯಾಯಾಲಯದ ಕಾವಲಿನಲ್ಲಿರುತ್ತದೆ, ಅದನ್ನು ಮತ್ತೊಬ್ಬರು ತಮ್ಮದಾಗಿಸಿಕೊಳ್ಳುವಂತಿಲ್ಲ ಎಂಬುದು ಅದರ ತಿರುಳು. ಬೊಮನ್ ಇರಾನಿಯವರ ನೋಂದಣಿಗಳನ್ನು ಅಸಿಂಧು ಎಂದಿತು, ಹೆಸರನ್ನು ಸಮಾಪಕರಿಗೆ ವರ್ಗಾಯಿಸಲು ಹೇಳಿತು. ಮೇಲ್ಮನವಿ ಹೋಯಿತು. 2025ರ ನವೆಂಬರಿನಲ್ಲಿ ವಿಭಾಗೀಯ ಪೀಠ ಆ ತೀರ್ಪನ್ನು ರದ್ದುಪಡಿಸಿ ಇರಾನಿ ಮತ್ತು ಕ್ಲಾಸಿಕ್ ಲೆಜೆಂಡ್ಸ್ ಪರವಾಗಿ ನಿಂತಿತು. ಕಾಲಗಟ್ಟಲೆ ಬಳಸದೆ, ನವೀಕರಿಸದೆ ಬಿಟ್ಟ ಹೆಸರಿನ ಮೇಲೆ ಹಳೆಯ ಕಂಪನಿಯ ಹಕ್ಕು ಉಳಿಯುವುದಿಲ್ಲ ಎಂಬ ವಾದ ಗೆದ್ದಿತು.

ಕಾನೂನಿನ ಮಾತು ಹಾಗಿರಲಿ. ಈ ವ್ಯಾಜ್ಯ ಹೆಸರಿನ ಅಭಿಮಾನದ ಪ್ರಶ್ನೆ ಮಾತ್ರವಾಗಿರಲಿಲ್ಲ. ಕಂಪನಿಯ ಸಮಾಪನದಲ್ಲಿ ಮಾರಿ ಬಂದ ಹಣ ಮೊದಲು ಹೋಗುವುದು ಅಡವಿನ ಮೇಲೆ ಸಾಲ ಕೊಟ್ಟವರಿಗೆ ಮತ್ತು ಅವರ ಸರಿಸಮನಾಗಿ ಕಾರ್ಮಿಕರ ಬಾಕಿಗೆ. 1956ರ ಕಂಪನಿ ಕಾಯಿದೆಗೆ 1985ರಲ್ಲಿ ಸೇರಿಸಿದ ತಿದ್ದುಪಡಿ ಕಾರ್ಮಿಕರಿಗೆ ಆ ಸಮಪಾಲನ್ನು ಕೊಟ್ಟಿತು. ಯೆಜ್ಡಿ ಎಂಬ ಹೆಸರು ಆಸ್ತಿಪಟ್ಟಿಯಲ್ಲಿದ್ದು, ನೋಂದಣಿ ಜೀವಂತವಾಗಿದ್ದು, ಹರಾಜಿಗೆ ಬಂದಿದ್ದರೆ ಅದರ ಬೆಲೆಯಲ್ಲಿ ಯಾದವಗಿರಿಯಲ್ಲಿ ಲೇತು ತಿರುಗಿಸಿದವರಿಗೂ ಪಾಲು ಬರುತ್ತಿತ್ತು. ಜಾವಾ ಹೆಸರು ಎರವಲು ಬಂದದ್ದು, ಅವಧಿ ಮುಗಿದಾಗ ಮರಳಿ ಹೋಯಿತು, ಅದರಲ್ಲಿ ಅನ್ಯಾಯವಿಲ್ಲ. ಯೆಜ್ಡಿ ಹಾಗಲ್ಲ. 1973ರಿಂದ 1996ರವರೆಗೆ ಆ ಹೆಸರಿಗೆ ಬೆಲೆ ಬಂದದ್ದು ಗಾಡಿಗಳು ಕೆಡದೆ ಓಡಿದ್ದರಿಂದ, ಕೆಡದಂತೆ ಮಾಡಿದವರು ಮೈಸೂರಿನ ಕೆಲಸಗಾರರು. ನವೀಕರಣದ ಒಂದು ಅರ್ಜಿ, ಒಂದು ಶುಲ್ಕ ಆ ಕಾಲಕ್ಕೆ ಸಲ್ಲಬೇಕಿತ್ತು.

ರಾಜ್ಯದಲ್ಲಿ ಕಾರ್ಖಾನೆಯೊಂದು ಬಾಗಿಲು ಹಾಕಿದಾಗ ಕಾರ್ಮಿಕ ಸಂಘಗಳು ಜಮೀನು, ಯಂತ್ರ, ದಾಸ್ತಾನಿನ ಪಟ್ಟಿ ಕೇಳುತ್ತವೆ. ಟ್ರೇಡ್‌ಮಾರ್ಕ್ ನೋಂದಣಿಗಳ ಪಟ್ಟಿಯನ್ನೂ ಅವುಗಳ ನವೀಕರಣದ ದಿನಾಂಕದ ಸಮೇತ ಅಂದೇ ಕೇಳಿ ಪಡೆಯಬೇಕು. ಟ್ರೇಡ್‌ಮಾರ್ಕ್ ಕಚೇರಿಯ ದಾಖಲೆ ಸಾರ್ವಜನಿಕ. ಯಾವ ಹೆಸರು ಯಾರದು, ಯಾವಾಗಿನವರೆಗೆ ಎಂಬುದನ್ನು ಮನೆಯಲ್ಲಿ ಕೂತು ಅಂತರ್ಜಾಲದಲ್ಲೇ, ದುಡ್ಡಿಲ್ಲದೆ ನೋಡಬಹುದು.